ದಿವಂಗತ ಥ್ಯಾಗ್ ಸಿಮನ್ಸ್

ಚರ್ಮ ಸುತ್ತಿಕೊಂಡ ಆದಿಮಾನವರು ಸಾಲಾಗಿ ಕೂತು ಪಾಠ ಕೇಳುತ್ತಿದ್ದಾರೆ. ಎದುರಿನ ಪರದೆಯ ಮೇಲೆ ಒಂದು ಸ್ಲೈಡ್. ಅದರಲ್ಲಿ ಸ್ಟೆಗೊಸಾರಸ್ ಎಂಬ ಡೈನೋಸಾರ್‌ನ ಬಾಲ, ಬಾಲದ ತುದಿಯಲ್ಲಿ ಉದ್ದನೆಯ ಚೂಪು ಮುಳ್ಳುಗಳು. ಪಾಠ ಹೇಳುತ್ತಿರುವವನೂ ಒಬ್ಬ ಆದಿಮಾನವನೇ. ಆ ಮುಳ್ಳುಗಳತ್ತ ಕೈ ಮಾಡಿ, ಈ ತುದಿಗೆ ಥ್ಯಾಗೊಮೈಜರ್ ಎನ್ನುತ್ತೇವೆ, ದಿವಂಗತ ಥ್ಯಾಗ್ ಸಿಮನ್ಸ್ ಅವರ ನೆನಪಿಗೆ ಇಟ್ಟ ಹೆಸರು ಎಂದು ಗಂಭೀರವಾಗಿ ವಿವರಿಸುತ್ತಿದ್ದಾನೆ. ಚಿತ್ರದ ಅಡಿಬರಹದಲ್ಲಿ ಇರುವುದು ಇಷ್ಟೇ.

1982ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಬಂದ ಈ ವ್ಯಂಗ್ಯಚಿತ್ರ ಬರೆದವನು ಗ್ಯಾರಿ ಲಾರ್ಸನ್. 'ದಿ ಫಾರ್ ಸೈಡ್' ಎಂಬ ಹೆಸರಿನಲ್ಲಿ 1980ರ ಜನವರಿ 1ರಿಂದ 1995ರ ಜನವರಿ 1ರವರೆಗೆ ಅವನ ಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾದವು. ಒಂದೇ ಚೌಕಟ್ಟು, ಕೆಳಗೆ ಒಂದೋ ಎರಡೋ ಸಾಲು, ಕೆಲವೊಮ್ಮೆ ಅದೂ ಇಲ್ಲ. ಹಸು, ಕರಡಿ, ಕೀಟ, ಹಾವು, ವಿಜ್ಞಾನಿ, ಆದಿಮಾನವ, ಇವರೇ ಅವನ ಪಾತ್ರಗಳು. ಅಮೆರಿಕದ ಎಷ್ಟೋ ಪ್ರಯೋಗಾಲಯಗಳ ಬಾಗಿಲ ಮೇಲೆ ಅವನ ಚಿತ್ರಗಳ ಕತ್ತರಿಕೆಗಳು ಅಂಟಿಕೊಂಡಿರುತ್ತಿದ್ದವು. 1980ರ ದಶಕದ ಕೊನೆಗೆ ಗೂಬೆಗಳ ಮೈಮೇಲಿನ ಹೊಸ ಜಾತಿಯ ಹೇನೊಂದಕ್ಕೆ ಕೀಟತಜ್ಞರೊಬ್ಬರು ಅವನ ಹೆಸರನ್ನೇ ಇಟ್ಟರು, ಸ್ಟ್ರಿಜಿಫಿಲಸ್ ಗ್ಯಾರಿಲಾರ್ಸನೈ ಎಂದು. ವಿಜ್ಞಾನಿಗಳು ಒಬ್ಬನನ್ನು ತಮ್ಮವನೆಂದು ಒಪ್ಪಿಕೊಂಡಾಗ ಕೊಡುವ ಉಡುಗೊರೆ ಹೀಗೇ ಇರುತ್ತದೆ.

ನನ್ನ ಕುತೂಹಲ ಇರುವುದು ಇನ್ನೊಂದು ಕಡೆ. ಥ್ಯಾಗ್ ಸಿಮನ್ಸ್ ಚಿತ್ರ ಒಳಗಿನವರ ತಮಾಷೆ. ಅಂಗರಚನೆಯ ಪಾಠ, ಸ್ಲೈಡ್, ವ್ಯಕ್ತಿಗಳ ಹೆಸರನ್ನು ಶರೀರದ ಭಾಗಗಳಿಗೆ ಅಂಟಿಸುವ ವಿದ್ವಾಂಸರ ಚಟ, ಇವೆಲ್ಲ ವಿಶ್ವವಿದ್ಯಾಲಯದ ಒಳಗಿನ ಸಂಗತಿಗಳು. ಆದರೂ ದಿನಪತ್ರಿಕೆ ತೆರೆದ ಯಾರೋ ಅಂಗಡಿಯವನು, ಹತ್ತು ವರ್ಷದ ಹುಡುಗಿ, ಸ್ಟೆಗೊಸಾರಸ್ ಎಂಬ ಹೆಸರನ್ನೇ ಕೇಳಿರದವರು ಸಹ ನಗುತ್ತಿದ್ದರು. ಹೊರಗಿನವರು ಹೇಗೆ ಒಳಗೆ ಬಂದರು?

ಉತ್ತರ ಹುಡುಕಲು ಚಿತ್ರವನ್ನು ಓದುವಾಗ ತಲೆಯಲ್ಲಿ ಏನಾಗುತ್ತದೆ ಎಂದು ನಿಧಾನವಾಗಿ ನೋಡಬೇಕು. ತಮಾಷೆಯನ್ನು ಬಿಚ್ಚಿದರೆ ಅದು ಸಾಯುತ್ತದೆ ಎನ್ನುವವರಿದ್ದಾರೆ. ಸಾಯಲಿ, ನಾವು ಮಾಡಹೊರಟಿರುವುದು ಮರಣೋತ್ತರ ಪರೀಕ್ಷೆಯೇ.

ಮೊದಲು ಕಣ್ಣಿಗೆ ಬೀಳುವುದು ಒಂದು ಹೊಂದಿಕೆಯಾಗದ ಜೋಡಿ: ಆದಿಮಾನವರು, ಆಧುನಿಕ ಉಪನ್ಯಾಸ. ಇದು ಅಚ್ಚರಿ, ಇನ್ನೂ ನಗುವಲ್ಲ. ಆಮೇಲೆ ಅಡಿಬರಹದ ಮೊದಲರ್ಧ ಬರುತ್ತದೆ, ಥ್ಯಾಗೊಮೈಜರ್ ಎಂಬ ಶಬ್ದದೊಂದಿಗೆ. ಕೇಳಿದ ಶಬ್ದವಲ್ಲ, ಆದರೆ ಪಾಠದಲ್ಲಿ ಇಂಥ ಕಠಿಣ ಶಬ್ದಗಳು ಬರುವುದು ಸಹಜ. ಓದುಗ ತಲೆ ಕೆಡಿಸಿಕೊಳ್ಳದೆ ಮುಂದೆ ಹೋಗುತ್ತಾನೆ. ಹೆಸರು ಯಾರ ನೆನಪಿಗೆ ಎಂಬುದೂ ಬರುತ್ತದೆ, ಅದೂ ಸಹಜ. ಹ್ಯಾಲಿ ಧೂಮಕೇತು ಇದೆ, ರಾಮನ್ ಪರಿಣಾಮ ಇದೆ, ಅಲ್ಜೈಮರ್ ಕಾಯಿಲೆ ಇದೆ. ಇಷ್ಟರಲ್ಲಿ ಅಡಿಬರಹ ಮುಗಿದುಹೋಗುತ್ತದೆ, ತಮಾಷೆ ಮಾತ್ರ ಎಲ್ಲೂ ಕಾಣುವುದಿಲ್ಲ. ಆಗ ಓದುಗ ಹಿಂದಕ್ಕೆ ಹೋಗುತ್ತಾನೆ. ದಿವಂಗತ ಅಂದನಲ್ಲ, ಯಾಕೆ? ಕಣ್ಣು ಮತ್ತೆ ಸ್ಲೈಡಿನ ಬಾಲದ ಮೇಲೆ ಬೀಳುತ್ತದೆ. ಮುಳ್ಳು. ಓಹೋ. ಥ್ಯಾಗ್ ಸಿಮನ್ಸ್ ಇದನ್ನು ಕಂಡುಹಿಡಿದದ್ದು ಅಧ್ಯಯನದಿಂದಲ್ಲ, ಬೆನ್ನಿನಿಂದ.

ನಗು ಬರುವುದು ಇಲ್ಲಿ. ಗಮನಿಸಬೇಕಾದ್ದೆಂದರೆ ಥ್ಯಾಗ್ ಸತ್ತ ದೃಶ್ಯವನ್ನು ಲಾರ್ಸನ್ ಬರೆದೇ ಇಲ್ಲ. ಅಡಿಬರಹದಲ್ಲೂ ಅದಿಲ್ಲ. ಆ ದೃಶ್ಯ ಪ್ರತಿಯೊಬ್ಬ ಓದುಗನೂ ಸ್ವತಃ ಕಟ್ಟಿಕೊಂಡದ್ದು. ಕಟ್ಟಲು ಬೇಕಾದ ಸಾಮಾನು ಎರಡೇ, ಒಂದು ಮುಳ್ಳಿನ ಬಾಲ, ಇನ್ನೊಂದು ದಿವಂಗತ ಎಂಬ ಮಾತು. ಎರಡೂ ಚೌಕಟ್ಟಿನ ಒಳಗೇ ಇವೆ. ಕೀಲಿಯನ್ನು ಬಾಗಿಲಲ್ಲೇ ಬಿಟ್ಟುಹೋದ ಮನೆ ಇದು, ಯಾರು ಬೇಕಾದರೂ ತಿರುಗಿಸಬಹುದು, ಆದರೆ ತಿರುಗಿಸುವ ಕೆಲಸ ಅವರೇ ಮಾಡಬೇಕು.

ಒಳಗಿನವರಿಗೆ ಸಿಗುವುದು ಇದರ ಮೇಲಿನ ಬಡ್ಡಿ. ಸ್ಟೆಗೊಸಾರಸ್ ಬದುಕಿದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ, ನಮ್ಮ ಜಾತಿಯ ಮನುಷ್ಯರಿಗೆ ಆಗಿರುವುದು ಸುಮಾರು 3 ಲಕ್ಷ ವರ್ಷ. ಸಿನಿಮಾಗಳಲ್ಲಿ ಸ್ಟೆಗೊಸಾರಸ್ ಪಕ್ಕದಲ್ಲೇ ನಿಲ್ಲಿಸುವ ಟಿರನೋಸಾರಸ್ ಕೂಡ ಕಾಲದ ಲೆಕ್ಕದಲ್ಲಿ ಅದಕ್ಕಿಂತ ನಮಗೇ ಹತ್ತಿರದ್ದು. ಇದು ಗೊತ್ತಿದ್ದವರಿಗೆ ಚಿತ್ರದಲ್ಲಿ ಇನ್ನೊಂದು ಅಸಂಬದ್ಧ ಕಾಣುತ್ತದೆ. ಲಾರ್ಸನ್‌ಗೂ ಇದು ಗೊತ್ತಿತ್ತು. ಮಾನವರನ್ನೂ ಡೈನೋಸಾರ್‌ಗಳನ್ನೂ ಒಂದೇ ಚಿತ್ರದಲ್ಲಿ ಬರೆದ ಪಾಪ ತೊಳೆದುಕೊಳ್ಳಲು ವ್ಯಂಗ್ಯಚಿತ್ರಕಾರರಿಗೂ ಪಾದ್ರಿಯ ಮುಂದೆ ತಪ್ಪೊಪ್ಪಿಗೆಯ ಏರ್ಪಾಡು ಇರಬೇಕೆಂದು ಅವನೇ ತಮಾಷೆ ಮಾಡಿದ್ದಾನೆ. ಅಂಗರಚನೆ ಪಾಠ ಮಾಡಿದವರಿಗೆ ಮತ್ತೊಂದು ಬಡ್ಡಿ: ಪ್ರಾಣ ಕೊಟ್ಟವನ ಹೆಸರನ್ನು ಭಾವವೇ ಇಲ್ಲದ ಪಾರಿಭಾಷಿಕ ಪದವಾಗಿ ಅರೆದು ಹಾಕುವ ಆ ತಣ್ಣನೆ ದನಿ. ಈ ಬಡ್ಡಿಗಳು ಸಿಗದಿದ್ದರೂ ಅಸಲಿಗೆ ಮೋಸವಿಲ್ಲ.

ಇದೆಲ್ಲ ಒಬ್ಬ ಓದುಗನ ಊಹೆಯೆಂದು ತಳ್ಳಿಹಾಕಬಹುದು. ಆದರೆ ತಮಾಷೆಯ ಯಾವ ಭಾಗ ಏನು ಕೆಲಸ ಮಾಡುತ್ತದೆಂದು ಪರೀಕ್ಷಿಸಲು ಒಂದು ಸರಳ ವಿಧಾನ 1970ರ ದಶಕದಲ್ಲೇ ಬಂತು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಥಾಮಸ್ ಶುಲ್ಟ್ಸ್ ಮಾಡಿದ್ದು ಇಷ್ಟು. ಒಂದು ತಮಾಷೆಯನ್ನು ತೆಗೆದುಕೊಂಡು ಅದರ ಮೂರು ರೂಪ ತಯಾರಿಸಿದರು. ಒಂದು ಇದ್ದದ್ದು ಇದ್ದಂತೆ. ಎರಡನೆಯದರಲ್ಲಿ ಅಸಂಬದ್ಧತೆಯನ್ನೇ ತೆಗೆದುಹಾಕಿ ಎಲ್ಲವೂ ಸರಿಯಾಗಿ ಹೊಂದುವಂತೆ ಮಾಡಿದ್ದು. ಮೂರನೆಯದರಲ್ಲಿ ಅಸಂಬದ್ಧತೆಯನ್ನು ಉಳಿಸಿ, ಅದಕ್ಕೆ ಅರ್ಥ ಕೊಡುವ ಸುಳಿವನ್ನು ಮಾತ್ರ ಕಿತ್ತದ್ದು. ಇವನ್ನು ಮಕ್ಕಳಿಗೆ ಕೊಟ್ಟು ಎಷ್ಟು ನಗು ಬಂತೆಂದು ನೋಡಿದರು. ಮೊದಲು ವ್ಯಂಗ್ಯಚಿತ್ರಗಳಲ್ಲಿ, ಆಮೇಲೆ 1974ರಲ್ಲಿ ಫ್ರಾನ್ಸಿಸ್ ಹೊರಿಬೆ ಜೊತೆಗೆ ಮಾತಿನ ಚಟಾಕಿಗಳಲ್ಲಿ. ಎಂಟು ವರ್ಷ ದಾಟಿದ ಮಕ್ಕಳಿಗೆ ಸುಳಿವಿದ್ದ ಮೂಲ ತಮಾಷೆಯೇ ಹೆಚ್ಚು ಹಿಡಿಸಿತು. ಆರು ವರ್ಷದವರಿಗೆ ಸುಳಿವಿದ್ದರೂ ಒಂದೇ, ಕಿತ್ತರೂ ಒಂದೇ. ಅಸಂಬದ್ಧವಾಗಿದ್ದರೆ ಸಾಕು, ಅವರಿಗೆ ನಗು.

ಈ ಕತ್ತರಿಯನ್ನು ಥ್ಯಾಗ್ ಸಿಮನ್ಸ್ ಮೇಲೆ ಆಡಿಸೋಣ. ದಿವಂಗತ ಎಂಬ ಒಂದು ಪದ ತೆಗೆಯಿರಿ. ಈಗ ಯಾರೋ ಥ್ಯಾಗ್ ಸಿಮನ್ಸ್ ಎಂಬ ಪ್ರಾಧ್ಯಾಪಕರು ಬಾಲದ ಬಗ್ಗೆ ಸಂಶೋಧನೆ ಮಾಡಿದ್ದರು ಎಂದಷ್ಟೇ ಆಗುತ್ತದೆ, ತುಸು ಮುಗುಳ್ನಗೆ ಬರಬಹುದು, ಅದಕ್ಕಿಂತ ಹೆಚ್ಚಿಲ್ಲ. ಪದ ಉಳಿಸಿ, ಸ್ಲೈಡಿನಲ್ಲಿ ಬಾಲದ ಬದಲು ಹೊಟ್ಟೆ ತೋರಿಸಿ. ಏನೂ ಇಲ್ಲ. ಈಗ ಸ್ಟೆಗೊಸಾರಸ್ ಬದಲು ಹೆಸರಿಲ್ಲದ ಯಾವುದೋ ಮುಳ್ಳುಬಾಲದ ಪ್ರಾಣಿ ಹಾಕಿ. ತಮಾಷೆ ಬಹುಪಾಲು ಹಾಗೇ ಉಳಿಯುತ್ತದೆ. ಅಂದರೆ ಡೈನೋಸಾರ್ ಜ್ಞಾನದ ಮೇಲೆ ಇಲ್ಲಿ ಭಾರ ಬಿದ್ದಿಲ್ಲ. ಅಡಿಬರಹ ಬರೆಯುವವರಿಗೆ ಇದಕ್ಕಿಂತ ಉಪಯೋಗದ ಪರೀಕ್ಷೆ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಒಳಗಿನವರಿಗೆ ಮಾತ್ರ ಗೊತ್ತಿರುವ ಹೆಸರನ್ನು ತೆಗೆದು ಅಲ್ಲಿ ಯಾವುದೋ ಹುಸಿ ಹೆಸರು ಕೂರಿಸಬೇಕು. ಆಮೇಲೂ ನಗು ನಿಂತರೆ ಹೊರಗಿನವರಿಗೆ ಜಾಗ ಇದೆ, ಬಿದ್ದರೆ ಇಲ್ಲ.

ಬಿದ್ದ ಉದಾಹರಣೆಯೂ ಲಾರ್ಸನ್‌ನದೇ, ಅದೇ 1982ನೇ ಇಸವಿಯದೇ. ಅಕ್ಟೋಬರ್ 28ರಂದು ಬಂದ ಚಿತ್ರದಲ್ಲಿ ಒಂದು ಹಸು ಎರಡು ಕಾಲಿನ ಮೇಲೆ ನಿಂತಿದೆ. ಮುಂದೆ ಒಂದು ಮೇಜು, ಮೇಜಿನ ಮೇಲೆ ನಾಲ್ಕು ವಿಚಿತ್ರ ವಸ್ತುಗಳು. ಅಡಿಬರಹ ಎರಡೇ ಪದ, ಹಸುವಿನ ಉಪಕರಣಗಳು ಎಂಬರ್ಥದ್ದು. ಮುಗಿಯಿತು.

ಮರುದಿನದಿಂದ ಪತ್ರಿಕೆಗಳಿಗೆ ಕರೆಗಳು, ಕಾಗದಗಳು. ಅರ್ಥವಾಗಲಿಲ್ಲ, ವಿವರಿಸಿ ಎಂದು. ಕೊನೆಗೆ ಲಾರ್ಸನ್ ಪತ್ರಿಕಾ ಹೇಳಿಕೆಯನ್ನೇ ಕೊಡಬೇಕಾಯಿತು. ಅದರ ಸಾರ ಹೀಗಿತ್ತು: ಉಪಕರಣ ಮಾಡುವುದು ಮನುಷ್ಯನ ವಿಶೇಷ ಗುಣ ಎಂದು ಮಾನವಶಾಸ್ತ್ರಜ್ಞರು ಒಂದು ಕಾಲದಲ್ಲಿ ನಂಬಿದ್ದರು. ಹಾಗಾದರೆ ಹಸುವೇ ಉಪಕರಣ ಮಾಡಿದರೆ ಹೇಗಿರುತ್ತದೆ? ನಯನಾಜೂಕಿಲ್ಲದೆ, ಯಾವ ಕೆಲಸಕ್ಕೆಂದೇ ತಿಳಿಯದಂತೆ ಇರುತ್ತದೆ. ತಮಾಷೆ ಅಷ್ಟೇ.

ಈ ತಮಾಷೆಯ ಒಳಮನೆ ಯಾವುದೆಂದು ನೋಡಿ. 1960ರ ನವೆಂಬರ್‌ನಲ್ಲಿ ಟಾಂಜಾನಿಯಾದ ಗೊಂಬೆ ಕಾಡಿನಲ್ಲಿ ಜೇನ್ ಗುಡಾಲ್ ಒಂದು ಗಂಡು ಚಿಂಪಾಂಜಿಯನ್ನು ದುರ್ಬೀನಿನಲ್ಲಿ ನೋಡುತ್ತಿದ್ದರು. ಡೇವಿಡ್ ಗ್ರೇಬಿಯರ್ಡ್ ಎಂದು ಅವರೇ ಇಟ್ಟ ಹೆಸರು. ಅದು ಹುಲ್ಲಿನ ಕಡ್ಡಿಯನ್ನು ಹುತ್ತದ ತೂತಿಗೆ ತೂರಿಸಿ, ಕಡ್ಡಿಗೆ ಕಚ್ಚಿಕೊಂಡ ಗೆದ್ದಲುಗಳನ್ನು ತುಟಿಯಿಂದ ಎಳೆದು ತಿನ್ನುತ್ತಿತ್ತು. ಎಲೆ ಸವರಿ ಕಡ್ಡಿಯನ್ನು ತಯಾರು ಮಾಡಿಕೊಳ್ಳುವುದನ್ನೂ ಅವರು ಕಂಡರು. ಸುದ್ದಿ ತಿಳಿದ ಅವರ ಗುರು ಲೂಯಿ ಲೀಕಿ, ಇನ್ನು ಉಪಕರಣದ ಲಕ್ಷಣವನ್ನಾದರೂ ಬದಲಿಸಬೇಕು, ಮನುಷ್ಯನ ಲಕ್ಷಣವನ್ನಾದರೂ ಬದಲಿಸಬೇಕು, ಇಲ್ಲವೇ ಚಿಂಪಾಂಜಿಗಳನ್ನು ಮನುಷ್ಯರೆಂದು ಒಪ್ಪಬೇಕು ಎಂದು ಉತ್ತರಿಸಿದರು. ಈ ಇತಿಹಾಸ ತಲೆಯಲ್ಲಿದ್ದವನಿಗೆ ಹಸುವಿನ ಮೇಜು ನಗು ತರಿಸುತ್ತದೆ. ಇಲ್ಲದವನಿಗೆ ಚಿತ್ರದೊಳಗೆ ಅದರ ಒಂದು ಎಳೆಯೂ ಸಿಗುವುದಿಲ್ಲ. ಹೊಂದಿಕೆಯಾಗದ್ದು ಎದುರಿಗೇ ಇದೆ, ಹೊಂದಿಸುವ ಸುಳಿವು ಮಾತ್ರ ಲಾರ್ಸನ್‌ನ ತಲೆಯಲ್ಲೇ ಉಳಿದುಹೋಗಿದೆ. ಶುಲ್ಟ್ಸ್‌ನ ಮೂರನೇ ರೂಪ ಇದೇ.

ಬರೀ ಸುಳಿವಿಲ್ಲದಿದ್ದರೆ ಜನ ಭುಜ ಕುಣಿಸಿ ಪುಟ ತಿರುಗಿಸುತ್ತಿದ್ದರು. ಇಷ್ಟೊಂದು ಕಾಗದ ಬರೆಯಲು ಇನ್ನೊಂದು ಕಾರಣವಿತ್ತು, ಅದನ್ನು ಲಾರ್ಸನ್ ಆಮೇಲೆ ತಾನೇ ಗುರುತಿಸಿದ. ನಾಲ್ಕು ವಸ್ತುಗಳಲ್ಲಿ ಒಂದು ಒರಟು ಗರಗಸದಂತೆ ಕಾಣುತ್ತಿತ್ತು. ಒಂದು ಗೊತ್ತಾಯಿತು ಎಂದ ಮೇಲೆ ಉಳಿದ ಮೂರೂ ಏನೋ ಆಗಿರಲೇಬೇಕಲ್ಲ! ಓದುಗರು ಅದನ್ನು ಒಗಟು ಎಂದುಕೊಂಡು ಬಿಡಿಸಲು ಕೂತರು. ಬಿಡಿಸಲಾಗದಿದ್ದಾಗ ತಮಗೆ ಮಾತ್ರ ತಿಳಿಯದ ಏನೋ ಇದೆ, ಬೇರೆಯವರೆಲ್ಲ ನಗುತ್ತಿದ್ದಾರೆ ಎನ್ನಿಸಿತು. ಹೊರಗಿನವನಿಗೆ ಸಿಟ್ಟು ಬರುವುದು ತನಗೆ ತಿಳಿಯಲಿಲ್ಲ ಎಂಬುದಕ್ಕಲ್ಲ, ತಿಳಿದವರು ಎಲ್ಲೋ ಇದ್ದಾರೆ ಎಂಬ ಅನುಮಾನಕ್ಕೆ. ನಾಲ್ಕೂ ವಸ್ತುಗಳು ಸಮನಾಗಿ ಅರ್ಥಹೀನವಾಗಿದ್ದರೆ ಆ ಅನುಮಾನಕ್ಕೆ ಆಸ್ಪದ ಕಡಿಮೆ ಇರುತ್ತಿತ್ತು.

ಮುಂದೆ ಆದದ್ದು ಇನ್ನೂ ವಿಚಿತ್ರ. ಅರ್ಥವಾಗದ ತಮಾಷೆ ಎಂಬ ಖ್ಯಾತಿಯಿಂದಲೇ ಹಸುವಿನ ಉಪಕರಣಗಳು ಬದುಕುಳಿದವು. ಇಂದು ಆ ಚಿತ್ರ ನೋಡಿ ನಗುವವರು ಬಹಳ ಮಂದಿ. ಅವರು ನಗುವುದು ಹಸುವಿಗಲ್ಲ, ಒಂದು ಇಡೀ ದೇಶ ಮೇಜಿನ ಮೇಲಿನ ನಾಲ್ಕು ತುಂಡುಗಳನ್ನು ದಿಟ್ಟಿಸುತ್ತ ಕೂತದ್ದಕ್ಕೆ. ಒಳಗೆ ಏನೂ ಇರಲಿಲ್ಲ ಎಂಬ ಸಂಗತಿಯೇ ಹೊಸ ಒಳಗುಟ್ಟಾಯಿತು, ಹೊರಗಿದ್ದವರೆಲ್ಲ ಒಟ್ಟಿಗೆ ಒಳಗಾದರು. ಇದನ್ನು ಯಾವ ವ್ಯಂಗ್ಯಚಿತ್ರಕಾರನೂ ಯೋಜಿಸಿ ಮಾಡಲಾರ. ಹಸುವಿಗೂ ಕೊನೆಗೆ ನ್ಯಾಯ ಸಿಕ್ಕಿತು ಅನ್ನಬೇಕು. ಆಸ್ಟ್ರಿಯಾದ ಹಳ್ಳಿಯೊಂದರ ವೆರೋನಿಕಾ ಎಂಬ ಹಸು ನೆಲ ಉಜ್ಜುವ ಬ್ರಷ್ಷನ್ನು ನಾಲಿಗೆಯಿಂದ ಹಿಡಿದು ಮೈ ತುರಿಸಿಕೊಳ್ಳುತ್ತದೆ, ಬೆನ್ನಿನ ದಪ್ಪ ಚರ್ಮಕ್ಕೆ ಬಿರುಗೂದಲ ಕಡೆಯನ್ನೂ ಹೊಟ್ಟೆಯ ಕೆಳಗಿನ ಮೆತ್ತನೆ ಭಾಗಕ್ಕೆ ಹಿಡಿಯ ಕಡೆಯನ್ನೂ ಬಳಸುತ್ತದೆ ಎಂದು ವಿಯೆನ್ನಾದ ಸಂಶೋಧಕರು 2026ರ ಜನವರಿಯಲ್ಲಿ 'ಕರೆಂಟ್ ಬಯಾಲಜಿ' ಪತ್ರಿಕೆಯಲ್ಲಿ ವರದಿ ಮಾಡಿದರು.

ಗುಡಾಲ್ ಹೆಸರು ಬಂದಿತಲ್ಲ, ಅವರನ್ನೇ ಕುರಿತ ಲಾರ್ಸನ್‌ನ ಇನ್ನೊಂದು ಚಿತ್ರ ಇಲ್ಲಿ ಹೇಳಲೇಬೇಕು. 1987ರದು. ಎರಡು ಚಿಂಪಾಂಜಿಗಳು ಮರದ ಕೊಂಬೆಯ ಮೇಲೆ ಕೂತಿವೆ. ಹೆಣ್ಣು ಗಂಡಿನ ಮೈ ಹೆಕ್ಕುತ್ತಿದೆ. ಹೆಕ್ಕುವಾಗ ಒಂದು ಹೊಂಬಣ್ಣದ ಕೂದಲು ಸಿಗುತ್ತದೆ. ಆ ಜೇನ್ ಗುಡಾಲ್ ಎಂಬವಳ ಜೊತೆ ಮತ್ತೆ ಸಂಶೋಧನೆ ನಡೆಸಿ ಬಂದೆಯೇನು ಎಂದು ಹೆಂಡತಿ ಚುಚ್ಚುತ್ತಾಳೆ, ಗುಡಾಲ್‌ಗೆ ಒಂದು ಕೆಟ್ಟ ವಿಶೇಷಣವನ್ನೂ ಅಂಟಿಸಿ.

ಇಲ್ಲಿ ನಿಜವಾದ ಹೆಸರೇ ಇದೆ. ಗುಡಾಲ್ ಯಾರೆಂದು ಗೊತ್ತಿರದವರ ಗತಿ? ಹೆಸರು ಬದಲಿಸುವ ಪರೀಕ್ಷೆ ಮಾಡಿದರೆ ನಗು ಅಲ್ಲಾಡುವುದಿಲ್ಲ. ಗಂಡನ ಅಂಗಿಯ ಮೇಲೆ ಪರಸ್ತ್ರೀಯ ಕೂದಲು ಕಂಡು ಹೆಂಡತಿ ಜಗಳ ತೆಗೆಯುವುದು ಎಲ್ಲ ಊರಿನ ಎಲ್ಲ ನಾಟಕಗಳಲ್ಲೂ ಆಗಿಹೋದ ದೃಶ್ಯ. ಕೂದಲಿನ ಬಣ್ಣದಿಂದ ಆಕೆ ಮನುಷ್ಯಳೆಂದು ಗೊತ್ತಾಗುತ್ತದೆ, ಸಂಶೋಧನೆ ಎಂಬ ಮಾತಿನಿಂದ ವಿಜ್ಞಾನಿಯೆಂದು. ಬೇಕಾದ ಮಾಹಿತಿಯನ್ನೆಲ್ಲ ಜಗಳವೇ ಒದಗಿಸುತ್ತದೆ. ಇನ್ನು ಪ್ರಾಣಿವರ್ತನೆ ಓದಿದವರಿಗೆ ಸಿಗುವುದು ಬೇರೆ ಮಜಾ. ಚಿಂಪಾಂಜಿಗಳು ಒಂದರ ಮೈಯನ್ನೊಂದು ಹೆಕ್ಕುವುದು ಬರೀ ಶುಚಿಗಲ್ಲ, ಗೆಳೆತನ, ಸಂಧಾನ, ಬೆಂಬಲ ಎಲ್ಲ ಅದರಲ್ಲೇ ನಡೆಯುತ್ತವೆ. ಮೈ ಹೆಕ್ಕುವುದನ್ನೇ ಲಾರ್ಸನ್ ಪತ್ತೇದಾರಿಕೆ ಮಾಡಿದ. ಕಾಡಿನಲ್ಲಿ ಚಿಂಪಾಂಜಿಗಳು ನಿಜಕ್ಕೂ ಮಾಡುವ ಕೆಲಸ ಮತ್ತು ಮನೆಯಲ್ಲಿ ಹೆಂಡತಿ ಮಾಡುವ ಕೆಲಸ ಒಂದೇ ಕೈಚಲನೆಯಲ್ಲಿ ಕೂಡಿಕೊಂಡಿವೆ. ಹಸುವಿನ ಚಿತ್ರದಲ್ಲಿ ಇಂಥ ಕೂಡುವ ಜಾಗವೇ ಇರಲಿಲ್ಲ.

ಗುಡಾಲ್ ಅವರ ಸಂಸ್ಥೆಯಿಂದ ಲಾರ್ಸನ್‌ನ ವಿತರಕರಿಗೆ ಸಿಟ್ಟಿನ ಕಾಗದ ಹೋಯಿತು. ಗುಡಾಲ್ ಆಗ ಆಫ್ರಿಕಾದಲ್ಲಿದ್ದರು. ಆಮೇಲೆ ಚಿತ್ರ ನೋಡಿ ಅವರು ಬಿದ್ದುಬಿದ್ದು ನಕ್ಕರು. ಆ ಚಿತ್ರವಿರುವ ಟೀ ಶರ್ಟುಗಳ ಮಾರಾಟದ ಹಣ ಅದೇ ಸಂಸ್ಥೆಗೆ ಹೋಗುವಂತಾಯಿತು, ಲಾರ್ಸನ್‌ನ ಸಂಕಲನವೊಂದಕ್ಕೆ ಗುಡಾಲ್ ಮುನ್ನುಡಿಯನ್ನೂ ಬರೆದರು. ಒಳಗಿನವರ ತಮಾಷೆಗೆ ಸಿಟ್ಟಾಗುವವರು ಅನೇಕ ಸಲ ಪೂರ್ತಿ ಒಳಗಿನವರೂ ಅಲ್ಲ, ಪೂರ್ತಿ ಹೊರಗಿನವರೂ ಅಲ್ಲ, ಒಳಗಿನವರ ಗೌರವ ಕಾಯಲು ಬಾಗಿಲಲ್ಲಿ ನಿಂತವರು. 1988ರಲ್ಲಿ ಲಾರ್ಸನ್ ಗೊಂಬೆಗೇ ಹೋದಾಗ ಫ್ರೋಡೊ ಎಂಬ ಪುಂಡ ಚಿಂಪಾಂಜಿ ಅವನ ಮೇಲೆ ಎರಗಿ ಗಾಯ ಮಾಡಿತು. ಅದರದ್ದು ಸಾಹಿತ್ಯ ವಿಮರ್ಶೆಯಲ್ಲ, ಅದು ಬಂದವರಿಗೆಲ್ಲ ಹಾಗೇ ಮಾಡುತ್ತಿತ್ತು.

ಥ್ಯಾಗ್ ಸಿಮನ್ಸ್ ಕಡೆಗೆ ಬರೋಣ, ಯಾಕೆಂದರೆ ಅವನ ಕತೆ ಪತ್ರಿಕೆಯ ಪುಟದಲ್ಲಿ ಮುಗಿಯಲಿಲ್ಲ.

ಸ್ಟೆಗೊಸಾರಸ್ ಎಂಬ ಹೆಸರನ್ನು ಅಮೆರಿಕದ ಓಥ್ನಿಯಲ್ ಚಾರ್ಲ್ಸ್ ಮಾರ್ಷ್ 1877ರಲ್ಲಿ ಇಟ್ಟರು. ಬೆನ್ನಿನ ಫಲಕಗಳು, ಸಣ್ಣ ತಲೆ, ಹಿಂಗಾಲು, ಎಲ್ಲದರ ಬಗ್ಗೆಯೂ ನೂರು ವರ್ಷಗಳಲ್ಲಿ ರಾಶಿ ಪ್ರಬಂಧಗಳು ಬಂದವು. ಬಾಲದ ತುದಿಯಲ್ಲಿ ಎರಡು ಜೊತೆ ಮುಳ್ಳುಗಳು, ಒಂದೊಂದೂ ಸುಮಾರು 60ರಿಂದ 90 ಸೆಂಟಿಮೀಟರ್ ಉದ್ದ. ಮುಳ್ಳಿಗೆ ಮುಳ್ಳು ಎನ್ನುತ್ತಿದ್ದರು, ಬಾಲಕ್ಕೆ ಬಾಲ. ಆ ನಾಲ್ಕು ಮುಳ್ಳು ಮತ್ತು ತುದಿಬಾಲ ಸೇರಿದ ಇಡೀ ಆಯುಧಕ್ಕೆ ಒಂದೇ ಮಾತಿನ ಹೆಸರು ಮಾತ್ರ ಯಾರೂ ಇಟ್ಟಿರಲಿಲ್ಲ. ಲಾರ್ಸನ್‌ನ ಆದಿಮಾನವ ಹೆಸರಿಟ್ಟದ್ದು ನಿಜವಾಗಿಯೂ ಹೆಸರಿಲ್ಲದ ವಸ್ತುವಿಗೆ.

1992ರಲ್ಲಿ ಕೊಲರಾಡೊದ ಕ್ಯಾನ್ಯನ್ ಸಿಟಿ ಸಮೀಪದ ಗಾರ್ಡನ್ ಪಾರ್ಕ್ ಎಂಬಲ್ಲಿ ಒಂದು ಒಳ್ಳೆಯ ಸ್ಟೆಗೊಸಾರಸ್ ಅಸ್ಥಿಪಂಜರ ಸಿಕ್ಕಿತು. ಫಲಕಗಳೂ ಮುಳ್ಳುಗಳೂ ಹೆಚ್ಚು ಚದುರದೆ, ಬದುಕಿದ್ದಾಗ ಇದ್ದ ಜಾಗದ ಆಸುಪಾಸಿನಲ್ಲೇ ಉಳಿದಿದ್ದದ್ದು ಅದರ ವಿಶೇಷ. ಹಳೆಯ ಚಿತ್ರಗಳಲ್ಲಿ ಬಾಲದ ಮುಳ್ಳುಗಳು ಆಕಾಶ ನೋಡುತ್ತ ನಿಂತಿರುತ್ತಿದ್ದವು. ಈ ಪಂಜರ ಅವು ಹೆಚ್ಚುಕಡಿಮೆ ಅಡ್ಡಕ್ಕೆ, ಎರಡು ಪಕ್ಕಗಳಿಗೂ ಚಾಚಿದ್ದವು ಎಂದು ತೋರಿಸಿತು. ಮೇಲಕ್ಕೆ ನಿಂತ ಮುಳ್ಳನ್ನು ಶೋಭೆಗೆ ಎನ್ನಬಹುದು. ಅಡ್ಡಕ್ಕೆ ಚಾಚಿದ್ದನ್ನು ಪಕ್ಕಕ್ಕೆ ಬೀಸಿದರೆ ಎದುರಿಗಿದ್ದವನ ಒಳಕ್ಕೇ ಹೋಗುತ್ತದೆ. ಡೆನ್ವರ್ ವಸ್ತುಸಂಗ್ರಹಾಲಯದ ಕೆನ್ ಕಾರ್ಪೆಂಟರ್ 1993ರಲ್ಲಿ ಕಶೇರುಕ ಪಳೆಯುಳಿಕೆ ತಜ್ಞರ ವಾರ್ಷಿಕ ಸಮ್ಮೇಳನದಲ್ಲಿ ಈ ಪಂಜರವನ್ನು ವಿವರಿಸುವಾಗ ಬಾಲದ ತುದಿಗೆ ಥ್ಯಾಗೊಮೈಜರ್ ಎಂದೇ ಕರೆದರು.

ಆ ಕ್ಷಣದಲ್ಲಿ ಏನಾಯಿತು ನೋಡಿ. ಸ್ಟೆಗೊಸಾರಸ್ ಬಾಲದ ಬಗ್ಗೆ ಸಭಿಕರ ಮುಂದೆ ನಿಂತ ಒಬ್ಬ ಉಪನ್ಯಾಸಕ, ಲಾರ್ಸನ್‌ನ ಆದಿಮಾನವ ನಿಂತಲ್ಲೇ ನಿಂತಿದ್ದ. ಹೊರಗಿನವರಿಗೆಂದು ಪತ್ರಿಕೆಯಲ್ಲಿ ಬಂದ ತಮಾಷೆ ಒಳಕ್ಕೆ ನಡೆದು ಪಾರಿಭಾಷಿಕ ಪದವಾಯಿತು. ಆಮೇಲೆ ಪುಸ್ತಕಗಳು, ವಸ್ತುಸಂಗ್ರಹಾಲಯಗಳು, ಬಿಬಿಸಿಯ ಸಾಕ್ಷ್ಯಚಿತ್ರ ಎಲ್ಲ ಅದನ್ನು ಬಳಸಿದವು. ಅಂಗರಚನೆಯ ಅಧಿಕೃತ ಪದಪಟ್ಟಿಗೆ ಅದು ಸೇರಿಲ್ಲ, ಬಳಕೆಯ ಮಾತಾಗಿಯೇ ಉಳಿದಿದೆ.

ಒಳಗಿನವರ ಎಲ್ಲ ತಮಾಷೆಯ ಹೆಸರುಗಳೂ ಹೀಗೆ ನಿರಪಾಯವಾಗಿ ಓಡಾಡುವುದಿಲ್ಲ. ಅದೇ 1993ರಲ್ಲಿ ಭ್ರೂಣದ ಬೆಳವಣಿಗೆಯನ್ನು ನಿರ್ದೇಶಿಸುವ ಜೀನ್ ಒಂದಕ್ಕೆ ಜೀವವಿಜ್ಞಾನಿಗಳು ಸೋನಿಕ್ ಹೆಡ್ಜ್‌ಹಾಗ್ ಎಂಬ ವಿಡಿಯೋ ಗೇಮ್ ಪಾತ್ರದ ಹೆಸರಿಟ್ಟರು. ಪ್ರಯೋಗಾಲಯದಲ್ಲಿ ಎಲ್ಲರಿಗೂ ನಗು. ಕೆಲವು ವರ್ಷಗಳಲ್ಲಿ ಗೊತ್ತಾಯಿತು, ಅದೇ ಜೀನ್ ಕೆಟ್ಟರೆ ಮಗುವಿನ ಮುಂಮೆದುಳು ಎರಡು ಭಾಗವಾಗದೆ ಉಳಿಯಬಹುದೆಂದು. ಆ ಮಗುವಿನ ತಂದೆತಾಯಿಗೆ ವೈದ್ಯರು ಈ ಹೆಸರನ್ನು ಹೇಳಬೇಕು. 2006ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿ ಇಂಥ ಕೆಲವು ಹೆಸರುಗಳನ್ನು ಬದಲಿಸುವ ಮಾತೆತ್ತಿತು. ಹೊರಗಿನವರು ಎಂದರೆ ದೂರ ನಿಂತು ನೋಡುವವರು ಎಂದುಕೊಂಡು ಇಟ್ಟ ಹೆಸರದು, ನೋವಿನಲ್ಲಿರುವವರೂ ಹೊರಗಿನವರೇ ಎಂಬುದು ಲೆಕ್ಕಕ್ಕೆ ಬಂದಿರಲಿಲ್ಲ. ಥ್ಯಾಗ್ ಸಿಮನ್ಸ್‌ಗಾದರೋ ಅಳುವ ಬಂಧುಗಳಿಲ್ಲ. ಅವನು ಇರಲೇ ಇಲ್ಲ.

ಇನ್ನು ಅಡಿಬರಹದಲ್ಲಿ ಅಡಗಿದ್ದ ವಾದದ ವಿಚಾರ. ಬಾಲದ ಈ ತುದಿ ಕೊಲ್ಲುತ್ತದೆ ಎಂದು ಓದುಗ ತೀರ್ಮಾನಿಸಿದರೆ ಮಾತ್ರ ಆ ಚಿತ್ರ ನಗಿಸುತ್ತದೆ. ಅದು ನಿಜವೇ? ಮುಳ್ಳುಗಳು ಆಯುಧವೋ ಬರೀ ಪ್ರದರ್ಶನದ ಒಡವೆಯೋ ಎಂದು ತಜ್ಞರೇ ಚರ್ಚಿಸುತ್ತಿದ್ದರು. ಆಯುಧವಾಗಿದ್ದರೆ ಅದನ್ನು ಬಳಸಿದ ಗುರುತು ಆಯುಧದ ಮೇಲೂ ಇರಬೇಕು, ಏಟು ತಿಂದವನ ಮೇಲೂ ಇರಬೇಕು. ಆಯುಧದ ಗುರುತು ಮೊದಲು ಸಿಕ್ಕಿತು. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಟೆಗೊಸಾರಸ್ ಬಾಲದ ಮುಳ್ಳುಗಳನ್ನು ಸಾಲಾಗಿ ಇಟ್ಟು ನೋಡಿದಾಗ ಹತ್ತಿರ ಹತ್ತರಲ್ಲಿ ಒಂದರ ತುದಿ ಮುರಿದಿತ್ತು. ಸತ್ತ ಮೇಲೆ ಮಣ್ಣಿನ ಒತ್ತಡಕ್ಕೆ ಮುರಿದರೆ ಅಂಚು ಚೂಪಾಗಿ ಉಳಿಯುತ್ತದೆ. ಇವುಗಳ ತುದಿ ಮೊಂಡಾಗಿ, ಮೂಳೆ ಊದಿ, ಸೋಂಕು ತಗಲಿದ ಲಕ್ಷಣ ತೋರುತ್ತಿತ್ತು. ಅಂದರೆ ಮುರಿದದ್ದು ಜೀವವಿದ್ದಾಗ, ಮುರಿದ ಮೇಲೂ ಪ್ರಾಣಿ ಬದುಕಿತ್ತು.

ಏಟು ತಿಂದವನ ಗುರುತು 2005ರಲ್ಲಿ ಬಂತು, ಕಾರ್ಪೆಂಟರ್ ಮತ್ತು ಸಂಗಡಿಗರಿಂದ. ಅದೇ ಕಾಲದ, ಅದೇ ಪ್ರದೇಶದ ಮಾಂಸಾಹಾರಿ ಆಲೊಸಾರಸ್‌ನ ಬಾಲದ ಮೂಳೆಯೊಂದರಲ್ಲಿ ತೂತು. ಸ್ಟೆಗೊಸಾರಸ್ ಮುಳ್ಳನ್ನು ಹಿಡಿದು ನೋಡಿದರೆ ಆ ತೂತಿಗೆ ಸರಿಯಾಗಿ ಕೂರುತ್ತದೆ. ತೂತಿನ ಅಂಚಿನಲ್ಲಿ ಹೊಸ ಮೂಳೆ ಬೆಳೆದು ಗಾಯ ಅರ್ಧ ಮಾಗಿತ್ತು. ಆಲೊಸಾರಸ್ ಒದೆ ತಿಂದು ಓಡಿಹೋಗಿ ಬದುಕಿಕೊಂಡಿತ್ತು. ಆಯುಧ ಎಂಬುದು ಖಚಿತವಾಯಿತು. ಕೊಲ್ಲುವ ಆಯುಧ ಎಂಬುದಕ್ಕೆ ಮಾತ್ರ ಇನ್ನೂ ಪುರಾವೆ ಇರಲಿಲ್ಲ.

2014ರ ಅಕ್ಟೋಬರ್‌ನಲ್ಲಿ ಅಮೆರಿಕದ ಭೂವಿಜ್ಞಾನ ಸಂಘದ ಸಭೆಯಲ್ಲಿ ರಾಬರ್ಟ್ ಬ್ಯಾಕರ್ ಮತ್ತು ಸಂಗಡಿಗರು ವಯೋಮಿಂಗ್‌ನಲ್ಲಿ ಸಿಕ್ಕ ಇನ್ನೊಂದು ಆಲೊಸಾರಸ್‌ನ ವಸ್ತಿಕುಹರದ ಮೂಳೆಯನ್ನು ತೋರಿಸಿದರು. ಅದರಲ್ಲಿ ಶಂಕುವಿನಾಕಾರದ ತೂತು, ಕೆಳಗಿನಿಂದ ಮೇಲಕ್ಕೆ, ಎರಡು ಕಾಲುಗಳ ನಡುವೆ ಹೊಕ್ಕದ್ದು. ಒಳಗೆ ಕೀವು ತುಂಬಿ ಮೂಳೆಯನ್ನು ತಿಂದ ದೊಡ್ಡ ಗುಳಿ. ಈ ಸಲ ಹೊಸ ಮೂಳೆ ಬೆಳೆದ ಗುರುತಿಲ್ಲ, ಮಾಗಿದ ಗುರುತಿಲ್ಲ. ಗುಳಿ ಆಗುವಷ್ಟು ಕಾಲ ಆ ಪ್ರಾಣಿ ಬದುಕಿದ್ದು, ಸೋಂಕು ಏರಿ, ಆಮೇಲೆ ಸತ್ತಿರಬೇಕು ಎಂದು ಬ್ಯಾಕರ್ ಓದಿದರು. ಇಷ್ಟು ಇಕ್ಕಟ್ಟಿನ ಕೋನದಲ್ಲಿ ಹೊಡೆಯಬೇಕಾದರೆ ಬಾಲ ಬರೀ ಪಕ್ಕಕ್ಕೆ ಬೀಸಿದರೆ ಸಾಲದು, ತುದಿಯನ್ನು ತಿರುಚಿ ಮೇಲಕ್ಕೆ ತಿವಿಯಬೇಕು. ಹೆಚ್ಚಿನ ಡೈನೋಸಾರ್‌ಗಳ ಬಾಲ ತುದಿಯತ್ತ ಬಿಗಿಯಾಗಿ ಸೆಟೆದಿರುತ್ತದೆ, ಸ್ಟೆಗೊಸಾರಸ್‌ನದು ಹಾಗಲ್ಲ, ಕೊನೆಯವರೆಗೂ ಬಳುಕುತ್ತದೆ. ಪ್ರಾಣಿ ಸತ್ತದ್ದು ಆ ಗಾಯದಿಂದಲೇ ಎಂಬುದು ಊಹೆ, ಜೊತೆಗೆ ಬೇರೆ ಕಾಯಿಲೆಯೂ ಇದ್ದಿರಬಹುದು. ಆದರೆ ಇಲ್ಲಿಯವರೆಗೆ ದಿವಂಗತ ಎಂಬ ವಿಶೇಷಣಕ್ಕೆ ಅರ್ಜಿ ಹಾಕಬಲ್ಲ ಪಳೆಯುಳಿಕೆ ಅದೊಂದೇ. ಅದರ ಹೆಸರನ್ನು ಯಾರೂ ಯಾವುದಕ್ಕೂ ಇಟ್ಟಿಲ್ಲ.